ಗೋಡೆಗೆ ಎರಡು ಮುಖ

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಲೇಸರ್ ಸ್ಕ್ಯಾನರ್‌ಗೆ ಮಾತ್ರ ಗೋಡೆಯೆಂದರೆ ಬರೀ ಮುಖ. ಕಿರಣ ಮೇಲ್ಮೈಗೆ ಬಡಿದು ವಾಪಸಾಗುತ್ತದೆ. ಕೈಗೆ ಸಿಗುವುದು ಕೋಟ್ಯಂತರ ಚುಕ್ಕಿಗಳ ಪಾಯಿಂಟ್ ಕ್ಲೌಡ್. ಬಿಮ್ ಮಾದರಿಯಲ್ಲಾದರೆ ಗೋಡೆಗೆ ದಪ್ಪ ಬೇಕೇ ಬೇಕು. ಅದನ್ನು ನಾವೇ ಕಂಡುಕೊಳ್ಳಬೇಕು.

ರಾಯಪುರಂ, 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟ ಜಾಗ. ಆ ನಿಲ್ದಾಣದ ಹತ್ತಿರದ ಎರಡಂತಸ್ತಿನ ಹಳೆಯ ಗೋದಾಮೊಂದರ ಸ್ಕ್ಯಾನ್ ನಮ್ಮ ತಂಡಕ್ಕೆ ಬಂತು. ಒಡೆಯುವುದೋ, ಉಳಿಸುವುದೋ ಎಂದು ಮಾಲೀಕರು ತೀರ್ಮಾನಿಸಬೇಕಿತ್ತು. ಸ್ಟ್ರಕ್ಚರಲ್ ಎಂಜಿನಿಯರ್ ನಮ್ಮ ಮಾದರಿಗಾಗಿ ಕಾಯುತ್ತಿದ್ದರು.

ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ, 5 ಸೆಂಟಿಮೀಟರ್ ದಪ್ಪಕ್ಕೆ, ಚುಕ್ಕಿಗಳ ಅಡ್ಡ ಹೋಳು ತೆಗೆದೆವು. ಒಳಮುಖ, ಹೊರಮುಖ ಎರಡು ಗೆರೆಗಳಾಗಿ ಕಂಡವು. ನಡುವೆ 460 ಮಿಲಿಮೀಟರ್. ಆದರೆ 3.5 ಮೀಟರ್ ಎತ್ತರದ ಹೋಳಿನಲ್ಲಿ ಬೀದಿ ಕಡೆಯ ಹೊರಮುಖ 36 ಮಿಲಿಮೀಟರ್ ಆಚೆ ಸರಿದಿತ್ತು. ಒಪ್ಪಂದದ ಪ್ರಕಾರ 25ರವರೆಗೆ ವ್ಯತ್ಯಾಸ ಇರಬಹುದು.

“ಸರ್, ನಡುವೆ ನೆಟ್ಟಗೆ ಎಳೆದುಬಿಡಲಾ? ಮೇಲೆ 18, ಕೆಳಗೆ 18 ತಪ್ಪುತ್ತೆ. ಮಿತಿಯೊಳಗೇ ಇದೆ” ಅಂದಳು ಮಾದರಿ ಮಾಡುತ್ತಿದ್ದ ಹುಡುಗಿ. ಅವಳ ಲೆಕ್ಕ ಸರಿಯೇ. ತಪಾಸಣೆಯಲ್ಲೂ ಪಾಸಾಗುತ್ತಿತ್ತು. ಆದರೆ ಎಂಜಿನಿಯರ್‌ಗೆ ಬೇಕಾದ ಸಂಗತಿಯೇ ಮಾದರಿಯಿಂದ ಮಾಯವಾಗುತ್ತಿತ್ತು.

ಆ 36 ಎಲ್ಲಿಂದ ಬಂತು? ಹೊರಮುಖ ಮಾತ್ರ ಸರಿದಿದ್ದರೆ ಗೋಡೆ ಮೇಲೆ ಹೋದಂತೆ ದಪ್ಪವಾಗಬೇಕು; ಅದು ಉಬ್ಬು, ಇಲ್ಲವೇ ದಪ್ಪ ಗಾರೆ. ಎರಡೂ ಮುಖ ಒಂದೇ ಕಡೆ ಸರಿದಿದ್ದರೆ ಗೋಡೆಯೇ ವಾಲಿದೆ. ಒಳಮುಖ ನೋಡಿದೆವು: ಅದೂ ಬೀದಿ ಕಡೆಗೆ 35 ಸರಿದಿತ್ತು.

ಸ್ಕ್ಯಾನ್‌ಗಳ ಜೋಡಣೆಯಲ್ಲೇ ದೋಷವಿರಬಹುದು ಎಂಬ ಅನುಮಾನ ಉಳಿಯಿತು. ಒಳಗಿನ ಮತ್ತು ಹೊರಗಿನ ಸ್ಕ್ಯಾನ್‌ಗಳನ್ನು ಬೆಸೆಯುವುದು ಬಾಗಿಲು ಕಿಟಕಿಗಳ ಮೂಲಕ ಕಾಣುವ ಚುಕ್ಕಿಗಳು ಮಾತ್ರ. ಬೆಸುಗೆ ತಪ್ಪಿದರೆ ದಪ್ಪ ಸುಳ್ಳಾಗುತ್ತದೆ. ಬಾಗಿಲ ಬಳಿ ಟೇಪು ಹಿಡಿದು ಅಳೆಸಿದೆ, 460 ಸರಿಯಾಗಿತ್ತು. ಸ್ಕ್ಯಾನೇ ಓರೆಯಾಗಿದ್ದರೆ ಎದುರಿನ ಹಿಂಗೋಡೆಯೂ ಅಷ್ಟೇ ವಾಲಿ ಕಾಣಬೇಕಿತ್ತು. ಅದು ತೂಗುಗುಂಡು ಬಿಟ್ಟಂತೆ ನೆಟ್ಟಗಿತ್ತು.

ಮೇಲಿನ ನೆಲ ಮದ್ರಾಸ್ ಟೆರೇಸ್: ಮರದ ಜಂತೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಕೆಳಗಿನಿಂದ ಜಂತೆಗಳೇ ಮೊದಲು ಸಿಗುವುದರಿಂದ, ಅವುಗಳ ತಳವನ್ನೇ ನೆಲದ ತಳವೆಂದು ಹಿಡಿದರೆ ಇಲ್ಲದ ದಪ್ಪ, ಇಲ್ಲದ ಭಾರ ಸೇರುತ್ತದೆ. ಜಂತೆಗಳ ಚುಕ್ಕಿಗಳನ್ನು ಬೇರೆ ಮಾಡಿ, ನಡುವಿನ ಇಟ್ಟಿಗೆಯ ತಳದಿಂದ ನೆಲದ ದಪ್ಪ ತೆಗೆದೆವು. ಜಂತೆಗಳನ್ನು ತೊಲೆಗಳಾಗಿ ಪ್ರತ್ಯೇಕ ಕೂರಿಸಿದೆವು.

ಆಗ ಕಂಡದ್ದು: ಜಂತೆಗಳ ತುದಿ ಇರುವುದು ಅದೇ ವಾಲಿದ ಗೋಡೆಯೊಳಗೆ. ಗೋಡೆ ಹೊರಗೆ ಸರಿದಷ್ಟೂ ಅವುಗಳ ಆಸರೆ ಕಡಿಮೆಯಾಗಿರಬಹುದು. ತುದಿ ಎಷ್ಟು ಒಳಗಿದೆಯೆಂದು ಯಾವ ಸ್ಕ್ಯಾನೂ ಹೇಳದು. ರೆವಿಟ್ 2021ರಿಂದ ಓರೆ ಗೋಡೆ ಎಳೆಯುವ ಸೌಲಭ್ಯವಿದೆ, ಹಾಗೇ ಎಳೆದೆವು. ಯಾವ ಎರಡು ಹೋಳುಗಳಿಂದ ಓರೆ ಬಂತೆಂದು ಗೋಡೆಯ ವಿವರದಲ್ಲೇ ಬರೆದೆವು. ಜಂತೆ ತುದಿಯ ಅಳತೆಯ ಜಾಗವನ್ನು ಖಾಲಿ ಬಿಟ್ಟು, “ಇಲ್ಲಿ ಗಾರೆ ಬಿಡಿಸಿ ನೋಡಿ” ಎಂದು ಗುರುತು ಹಾಕಿ ಕಳಿಸಿದೆವು.