ಗೋವಿನಜೋಳ ಕೊಂಡವರಿಗೆ ಎರಡು ಭಾಷೆಯ ಪತ್ರ

ಸುಗ್ಗಿ ಮುಗಿದ ಮೇಲೆ ರೈತ ಉತ್ಪಾದಕ ಕಂಪನಿಯು ಖರೀದಿದಾರರಿಗೆ ಬರೆಯುವ ಕೃತಜ್ಞತಾ ಪತ್ರವು ವ್ಯವಹಾರದ ದಾಖಲೆಯೂ ಹೌದು. ಶಿಗ್ಗಾಂವ ಸೀಮೆಯ ಗೋವಿನಜೋಳ ಹೆದ್ದಾರಿ ಹಿಡಿದು ಬೆಂಗಳೂರು ದಾಟಿ, ನಾಮಕ್ಕಲ್ ಕಡೆಯ ಕೋಳಿ ಆಹಾರದ ಗಿರಣಿಗಳವರೆಗೂ ಹೋಗುತ್ತದೆ. ಅಲ್ಲಿನವರಿಗೆ ಕನ್ನಡ ಬಾರದು, ಇಲ್ಲಿನ ಸದಸ್ಯರಿಗೆ ತಮಿಳು ಬಾರದು. ನವಾಬರ ಆಳ್ವಿಕೆ ಕಂಡ ಸವಣೂರಿನ ಸುತ್ತ ಕನ್ನಡದ ಜತೆ ಉರ್ದುವೂ ಓಡುವುದರಿಂದ ಫೋನಿನ ಮಾತು ಹಿಂದಿಯಲ್ಲೇ ಸಾಗುತ್ತದೆ. ಪತ್ರಕ್ಕೂ ಅದೇ ಹಾದಿ ಸಲೀಸು: ಒಂದು ಪ್ರತಿ ಕನ್ನಡದಲ್ಲಿ, ಇನ್ನೊಂದು ಹಿಂದಿಯಲ್ಲಿ. ಅಂಕಿಗಳನ್ನು ಎರಡರಲ್ಲೂ 1, 2, 3 ಎಂದೇ ಬರೆದರೆ ಕಚೇರಿಯ ಗೋಡೆಗೆ ಅಂಟಿಸಿದ ಕನ್ನಡ ಪ್ರತಿಯನ್ನು ಯಾವ ಸದಸ್ಯನಾದರೂ ಕಾಟಾ ಚೀಟಿಯ ಪಕ್ಕ ಹಿಡಿದು ತಾಳೆ ನೋಡಬಹುದು.

ತಾಳೆ ನೋಡಬೇಕಾದ ಮುಖ್ಯ ಸಂಗತಿ ತೇವಾಂಶ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಹಿಂಗಾರು ಮಳೆಯೂ ಅದೇ ಹೊತ್ತಿಗೆ ಸುರಿಯುತ್ತದೆ. ಬಿಸಿಲಿಗೆ ಹರವಿದ ಕಾಳು ಮೇಲ್ಗಡೆ ಬೇಗ ಒಣಗಿದರೂ ಒಳಗಿನ ಹಸಿ ಉಳಿದಿರುತ್ತದೆ. ಕಣದಲ್ಲಿ ಬಿಸಿ ಕಾಳನ್ನೇ ಅಳೆದರೆ ಮೀಟರ್ ಕಡಿಮೆ ತೋರಿಸಿ, ರಾತ್ರಿ ಕಳೆದ ಮೇಲೆ ಅಂಕಿ ಏರಬಹುದು. ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಬೂಷ್ಟು ಶುರುವಾಗಿರುವ ಲಕ್ಷಣ. ಅದನ್ನು ಲಾರಿಗೆ ಏರಿಸಬಾರದು. ಕೋಳಿಗೆ ಅದು ವಿಷವಾಗಬಲ್ಲದು.

ಉದಾಹರಣೆಗೆ 200 ಕ್ವಿಂಟಲಿನ ಒಂದು ಲೋಡನ್ನು ನೋಡಬಹುದು. ಒಪ್ಪಂದದ ತೇವಾಂಶ ಶೇಕಡಾ 14, ಗಿರಣಿಯಲ್ಲಿ ಬಂದದ್ದು 16 ಎಂದುಕೊಳ್ಳೋಣ. ಹೆಚ್ಚಿನ ಪ್ರತಿ ಅಂಶಕ್ಕೆ ತೂಕದಲ್ಲಿ ಶೇಕಡಾ 1 ಕಡಿತ ಎಂದಿದ್ದರೆ 4 ಕ್ವಿಂಟಲ್ ಹೋಗಿ 196ಕ್ಕೆ ಹಣ ಬರುತ್ತದೆ. ಒಣ ಕಾಳಿನ ಲೆಕ್ಕ ಬೇರೆ. 200ರಲ್ಲಿ ನೀರು 32, ಒಣ ಭಾಗ 168. ಅದು 14ರ ತೇವಾಂಶದಲ್ಲಿ ತೂಗುವುದು ಸುಮಾರು 195.35 ಕ್ವಿಂಟಲ್. ಒಂದೇ ಲೋಡಿನಲ್ಲಿ 65 ಕಿಲೋ ವ್ಯತ್ಯಾಸ. ಎರಡೂ ಲೆಕ್ಕ ನ್ಯಾಯವೇ, ಆದರೆ ಯಾವುದೆಂದು ಮೊದಲೇ ಮಾತಾಗದಿದ್ದರೆ ರೈತನಿಗೆ ಗಿರಣಿಯವರ ಮೇಲೆ, ಗಿರಣಿಯವರಿಗೆ ಕಂಪನಿಯ ಮೇಲೆ ಅನುಮಾನ ಹುಟ್ಟುತ್ತದೆ.

ಆದ್ದರಿಂದ ಪತ್ರದಲ್ಲಿ "ಸಹಕಾರಕ್ಕೆ ಧನ್ಯವಾದ" ಎಂಬ ಒಂದು ಸಾಲು ಸಾಲದು. ಖರೀದಿದಾರರು ಚೀಲದ ಬಾಯಿಂದಷ್ಟೇ ಅಲ್ಲದೆ ನಡುವಿನಿಂದಲೂ ಮಾದರಿ ತೆಗೆದಿದ್ದರೆ, ಕಡಿತದ ಲೆಕ್ಕವನ್ನು ಅಂದೇ ಕಳಿಸಿದ್ದರೆ, ಹೇಳಿದ ದಿನಕ್ಕೆ ಹಣ ಜಮಾ ಮಾಡಿದ್ದರೆ, ಆ ಕೆಲಸವನ್ನೇ ಹೆಸರಿಸಿ ವಂದಿಸಬೇಕು. ಸದಸ್ಯರಿಗೆ ತಮ್ಮ ಕಾಳು ಯಾರ ಕೈಗೆ ಹೋಯಿತು, ಅವರು ಹೇಗೆ ನಡೆದುಕೊಂಡರು ಎಂಬುದು ತಿಳಿಯುವುದೂ ಇದರಿಂದಲೇ. ಹಸಿಯಾಗಿ ಹೋಗಿ ತಕರಾರಾದ ಲೋಡು ಇದ್ದರೆ ಅದನ್ನೂ ಎರಡೂ ಪ್ರತಿಗಳಲ್ಲಿ ಬರೆಯುವುದು ಲೇಸು. ಕನ್ನಡದಲ್ಲಿ ಬಿಟ್ಟು ಹಿಂದಿಯಲ್ಲಿ ಬರೆದರೆ ಗೊತ್ತಾಗುವ ದಿನ ಸದಸ್ಯರ ನಂಬಿಕೆ ಹೋಗುತ್ತದೆ. ಕೊನೆಯಲ್ಲಿ ಮುಂದಿನ ಕೊಯ್ಲಿನ ಅಂದಾಜು ಸಮಯ, ತೇವಾಂಶದ ಮಿತಿ, ಒಪ್ಪಿದ ಕಡಿತದ ಲೆಕ್ಕ, ಅಧ್ಯಕ್ಷರ ಸಹಿ ಇರಬೇಕು.