ಎಂಟು ಅಂಕ ಮತ್ತು ಸಣ್ಣ ಅಕ್ಷರ

ಹೋದ ತಿಂಗಳು ಒಂದು ಭಾನುವಾರ ನಾನು ಒಬ್ಬ ಹುಡುಗಿಗೆ ಎಂಟು ಅಂಕ ಕಡಿಮೆ ಕೊಟ್ಟೆ. ಅವಳ ಪ್ರಬಂಧ ಚೆನ್ನಾಗಿತ್ತು. ನೂರಕ್ಕೆ 52 ಎಂದು ಮೊದಲು ಬರೆದವನು, ಪುಟ ತಿರುವಿ ನೋಡಿ, ಮೂರು ಪುಟ ದಾಟಿ ನಾಲ್ಕನೆಯದರಲ್ಲಿ ಆರು ಸಾಲಿಗೇ ನಿಂತಿದೆಯಲ್ಲ ಅಂತ 44 ಮಾಡಿದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 'ಉದ್ದ ಸಾಲದು' ಎಂದು ಬರೆದೆ.

ಮುಂದಿನ ಭಾನುವಾರ ಅವಳು ಅದೇ ಹಾಳೆಗಳನ್ನು ಹಿಡಿದುಕೊಂಡು ಬಂದಳು. "ಅಣ್ಣ, ನೀವು ಎಣಿಸಿದ್ರಾ?" ಅಂದಳು.

ಆ ಪ್ರಶ್ನೆ ಕೇಳಿದ್ದೇ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ನಾನು ಇನ್ನೊಬ್ಬರನ್ನು ಕೇಳಿದ್ದೆ, ಇವಳಿಗಿಂತ ಜೋರಾಗಿ.

ಪತ್ರಿಕೋದ್ಯಮ ಮುಗಿಸಿದ ಮೇಲೆ ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಕಾಲವದು. ಆ ಪರೀಕ್ಷೆಯ ಮುಖ್ಯ ಹಂತದಲ್ಲಿ ಭಾರತೀಯ ಭಾಷೆಯ ಒಂದು ಕಡ್ಡಾಯ ಪತ್ರಿಕೆ ಇದೆ. ನಮಗೆ ಅದು ಕನ್ನಡ. ಒಟ್ಟು 300 ಅಂಕ. ಅದರಲ್ಲಿ ಪ್ರಬಂಧಕ್ಕೇ 100, ಸುಮಾರು 600 ಪದಗಳಲ್ಲಿ ಬರೆಯಬೇಕು. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ನೂರಕ್ಕೆ 25ರಂತೆ 75 ಬಂದರೆ ಸಾಕು. ಬರದಿದ್ದರೆ ಮಾತ್ರ ಉಳಿದ ಪತ್ರಿಕೆಗಳಲ್ಲಿ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವನು ನಾನು. ಕನ್ನಡ ಪೇಪರ್ ತಾನೆ, ಅದಕ್ಕೇನು ಓದೋದು ಎನ್ನುವ ಧಿಮಾಕು ಇತ್ತು.

ಅಭ್ಯಾಸಕ್ಕೆಂದು ಬರೆದ ಮೊದಲ ಪ್ರಬಂಧವನ್ನು ನಮ್ಮೂರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಕೊಟ್ಟೆ. ಅವರು ಬಹಳ ವರ್ಷ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದವರು. 38 ಅಂಕ ಹಾಕಿ, ಕೆಳಗೆ 'ಮುನ್ನೂರೈವತ್ತರ ಮೇಲೆ, ನಾನ್ನೂರರ ಒಳಗೆ' ಎಂದು ಬರೆದಿದ್ದರು. ಮೂರೂವರೆ ಪುಟ ಬರೆದಿದ್ದೆ, ನನಗೆ ಸಿಟ್ಟು ಬಂತು. "ಎಣಿಸಿದ್ರಾ ಸರ್?" ಅಂದೆ. "ಇಲ್ಲಪ್ಪ. ನೀನು ಎಣಿಸ್ಕೊಂಡು ಬಾ" ಅಂದರು.

ಅಲ್ಲೇ ಜಗಲಿ ಮೇಲೆ ಕೂತು ಎಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲಕ್ಕೆ 371 ಬಂತು.

ಎಡವಿದ್ದು ಎಲ್ಲಿ ಎಂದು ಆಮೇಲೆ ತಿಳಿಯಿತು. ಇಂಗ್ಲಿಷ್ ಕಡ್ಡಾಯ ಪತ್ರಿಕೆಯಲ್ಲೂ 600 ಪದಗಳ ಪ್ರಬಂಧವಿದೆ, ನನಗೆ ಹೆದರಿಕೆ ಇದ್ದದ್ದು ಅದರದು, ಹಾಗಾಗಿ ಅದನ್ನೇ ಮೊದಲು ಅಭ್ಯಾಸ ಮಾಡಿದ್ದೆ. ನನ್ನ ಇಂಗ್ಲಿಷ್ ಕೈಬರಹದಲ್ಲಿ ಸಾಲಿಗೆ ಒಂಬತ್ತು ಪದ ಕೂರುತ್ತಿದ್ದವು. ಹಾಳೆಯಲ್ಲಿ 20 ಗೆರೆ. ಪುಟಕ್ಕೆ 180 ಪದವಾದರೆ ಮೂರೂಕಾಲು ಪುಟ ದಾಟಿದಾಗ 600 ಮುಗಿಯುತ್ತದೆ. ಅದೇ ಅಳತೆಯನ್ನು ಕನ್ನಡಕ್ಕೂ ಹಿಡಿದಿದ್ದೆ.

ಕನ್ನಡದ ಪದ ಹಾಗಲ್ಲ. 'ಇನ್ ದ ವಿಲೇಜಸ್ ಆಫ್ ಅವರ್ ಡಿಸ್ಟ್ರಿಕ್ಟ್' ಎಂದರೆ ಆರು ಪದ. 'ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ' ಎಂದರೆ ಮೂರೇ. ವಿಭಕ್ತಿ, ಬಹುವಚನ ಎಲ್ಲ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಪದ ಉದ್ದವಾಗುತ್ತದೆ, ಸಾಲಿನಲ್ಲಿ ಹಿಡಿಸುವುದು ಕಡಿಮೆಯಾಗುತ್ತದೆ. 600 ಎನ್ನುವ ಅಂಕೆ ಎರಡೂ ಭಾಷೆಗೆ ಒಂದೇ, ಆದರೆ ಕನ್ನಡದಲ್ಲಿ ಬರೆಯುವವನ ಕೈ ಹೆಚ್ಚು ದೂರ ನಡೆಯಬೇಕು. ಇದನ್ನು ತಪ್ಪಿಸಿಕೊಳ್ಳಲು ಕೆಲವರು 'ಮಾಡಬಹುದು' ಎನ್ನುವುದನ್ನು 'ಮಾಡ ಬಹುದು' ಎಂದು ಒಡೆದು ಬರೆಯುತ್ತಾರೆ. ಅದು ಉದ್ದವೂ ಆಗುವುದಿಲ್ಲ, ಭಾಷೆಯ ತಪ್ಪಿಗೆ ಇನ್ನಷ್ಟು ಅಂಕ ಹೋಗುತ್ತದೆ.

ಎಣಿಸದೆ ಮೇಷ್ಟ್ರಿಗೆ ಹೇಗೆ ಗೊತ್ತಾಯಿತು? ಅವತ್ತೇ ಹೇಳಿಕೊಟ್ಟರು. ನನ್ನದೇ ಹಾಳೆ ತೆಗೆದು ಮೊದಲ ಪುಟದಲ್ಲಿ ಎರಡು ಸಾಲು, ನಡುವಿನ ಪುಟದಲ್ಲಿ ಎರಡು, ಕೊನೆಯ ಪುಟದಲ್ಲಿ ಎರಡು ಸಾಲಿನ ಪದ ಎಣಿಸಿದರು. ಅಂಚಿನಿಂದ ಅಂಚಿಗೆ ತುಂಬಿದ ಸಾಲುಗಳನ್ನೇ ಆರಿಸಿದರು. ಪ್ಯಾರಾದ ಕೊನೆಯ ತುಂಡು ಸಾಲನ್ನು ಮುಟ್ಟಲಿಲ್ಲ. ಬಂದದ್ದು 6, 7, 6, 5, 6, 5. ಒಟ್ಟು 35, ಸಾಲಿಗೆ ಸರಾಸರಿ 5.8.

ಆರು ಸಾಲು ಯಾಕೆ, ಒಂದು ಸಾಲದೇ ಎಂದು ಕೇಳಿದೆ. ಒಂದು ಸಾಲಿನಲ್ಲಿ 'ಪ್ರಜಾಸತ್ತಾತ್ಮಕವಾಗಿ' ಎಂಬಂಥ ಪದ ಬಂದು ಕೂತರೆ ನಾಲ್ಕೇ ಪದ ಸಿಗುತ್ತದೆ, ಇನ್ನೊಂದರಲ್ಲಿ 'ಆ ಊರಿನ ಜನ ಇದನ್ನು ಒಪ್ಪಿ' ಎಂಬಂಥ ಸಣ್ಣ ಪದಗಳೇ ಇದ್ದರೆ ಎಂಟು ಸಿಗುತ್ತದೆ. ಒಂದನ್ನೇ ನಂಬಿದರೆ ಲೆಕ್ಕ ಅರ್ಧಕ್ಕರ್ಧ ಹೋಗುತ್ತದೆ. ಮೂರು ಪುಟದಿಂದ ಯಾಕೆ ಎನ್ನುವುದಕ್ಕೆ ಅವರು ನನ್ನ ಕೊನೆಯ ಪುಟವನ್ನೇ ತೋರಿಸಿದರು. ಕೈ ಸೋತಂತೆ ಅಕ್ಷರ ದೊಡ್ಡದಾಗಿತ್ತು, ಪದಗಳ ನಡುವೆ ಜಾಗ ಬಿದ್ದಿತ್ತು. ಮೊದಲ ಪುಟವನ್ನಷ್ಟೇ ನೋಡಿದ್ದರೆ ನಾನು ಬರೆದದ್ದಕ್ಕಿಂತ ಹೆಚ್ಚು ಸಿಗುತ್ತಿತ್ತು.

ಆಮೇಲೆ ಸಾಲು ಎಣಿಸಿದರು. ಮೂರೂವರೆ ಪುಟ ಎಂದರೆ 70 ಗೆರೆ. ಪ್ಯಾರಾಗಳ ನಡುವೆ ನಾನು ಖಾಲಿ ಬಿಟ್ಟದ್ದು 5, ಉಳಿದದ್ದು 65. ಆರು ಪ್ಯಾರಾ ಇದ್ದವು. ಪ್ಯಾರಾದ ಕೊನೆಯ ಸಾಲು ಕೆಲವೊಮ್ಮೆ ಪೂರ್ತಿ, ಕೆಲವೊಮ್ಮೆ ಒಂದೇ ಪದ, ಹಾಗಾಗಿ ಪ್ಯಾರಾಕ್ಕೆ ಅರ್ಧ ಸಾಲು ಹೋಯಿತೆಂದು ಹಿಡಿದರು. ಮೂರು ಕಳೆದು 62. 62 ಸಾಲಿಗೆ 5.8ರಂತೆ ಸುಮಾರು 360. ನಾನು ಒಂದೊಂದಾಗಿ ಎಣಿಸಿದ್ದು 371. ಅರ್ಧ ಗಂಟೆಯ ನನ್ನ ಕೆಲಸಕ್ಕೂ ಅವರ ಒಂದು ನಿಮಿಷಕ್ಕೂ ಇದ್ದ ವ್ಯತ್ಯಾಸ 11 ಪದ.

ಇದನ್ನೇ ತಿರುಗಿಸಿದರೆ ಬರೆಯುವವನಿಗೂ ಉಪಯೋಗವಾಗುತ್ತದೆ. 600ನ್ನು 5.8ರಿಂದ ಭಾಗಿಸಿದರೆ 103 ತುಂಬಿದ ಸಾಲು. ಏಳು ಪ್ಯಾರಾದ ತುಂಡು ಸಾಲುಗಳಿಗೆ ಇನ್ನು ನಾಲ್ಕು ಸೇರಿಸಿದರೆ 107. ಅಂದರೆ ಖಾಲಿ ಗೆರೆ ಬಿಡದೆ ಬರೆದರೆ ನನಗೆ ಐದೂಕಾಲು ಪುಟದಷ್ಟು ಬೇಕು. ಪರೀಕ್ಷೆಯ ಹಾಲ್‌ನಲ್ಲಿ ಪದ ಎಣಿಸುವ ಗೊಡವೆಯೇ ಇಲ್ಲ, ಎಷ್ಟನೇ ಪುಟದಲ್ಲಿದ್ದೇನೆ ಎಂದು ನೋಡಿಕೊಂಡರಾಯಿತು. ಗೆರೆಯಿಲ್ಲದ ಹಾಳೆಯಾದರೆ ಪುಟಕ್ಕೆ ನಿಮ್ಮ ಕೈಯಲ್ಲಿ ಎಷ್ಟು ಸಾಲು ಬೀಳುತ್ತದೆ ಎಂಬುದನ್ನೂ ಮನೆಯಲ್ಲೇ ಅಳೆದಿಟ್ಟುಕೊಳ್ಳಬೇಕು.

ಅದೇ ಪತ್ರಿಕೆಯಲ್ಲಿ 60 ಅಂಕದ ಸಂಕ್ಷೇಪ ಲೇಖನಕ್ಕೆ ಮಾತ್ರ ಈ ಅಂದಾಜು ಸಾಲದು. ಕೊಟ್ಟ ಗದ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದೇ ಅಲ್ಲಿ ಪ್ರಶ್ನೆ. ಅಚ್ಚಾದ ಗದ್ಯವನ್ನು ಹೀಗೇ ಅಳೆಯಬಹುದು. 44 ಸಾಲು, ಸಾಲಿಗೆ ಒಂಬತ್ತು ಪದ ಎಂದಿಟ್ಟುಕೊಂಡರೆ ತುಂಡು ಸಾಲು ಬಿಟ್ಟು 390ರ ಹತ್ತಿರ, ಅದರ ಮೂರನೇ ಒಂದು ಭಾಗ 130. ನನ್ನ ಕೈಯಲ್ಲಿ 22-23 ಸಾಲು. ಆದರೆ ಬರೆದು ಮುಗಿಸಿದ್ದನ್ನು ಒಮ್ಮೆ ಪೂರ್ತಿ ಎಣಿಸಿಬಿಡಬೇಕು. 130 ಪದ ಎಣಿಸಲು ಹೆಚ್ಚು ಹೊತ್ತು ಬೇಡ.

ಇನ್ನು ದಂಡದ ಮಾತು. ಪದಮಿತಿಗಿಂತ ತೀರ ಉದ್ದವಾಗಲಿ, ತೀರ ಗಿಡ್ಡವಾಗಲಿ ಬರೆದರೆ ಅಂಕ ಕಳೆಯಬಹುದು ಎಂಬ ಸೂಚನೆ ಪ್ರಶ್ನೆಪತ್ರಿಕೆಯ ಮೇಲೆಯೇ ಇರುತ್ತದೆ. ಇಷ್ಟು ಪದಕ್ಕೆ ಇಷ್ಟು ಅಂಕ ಎಂಬ ದರಪಟ್ಟಿ ಅಲ್ಲಿಲ್ಲ. ಮೇಷ್ಟ್ರು ತಮಗೇ ಒಂದು ರೂಢಿ ಮಾಡಿಕೊಂಡಿದ್ದರು. ಹತ್ತನೇ ಒಂದು ಭಾಗ ಆಚೀಚೆ ಆದರೆ, ಅಂದರೆ 540 ಬರೆದರೂ 660 ಬರೆದರೂ, ನೋಡದಂತೆ ಮುಂದೆ ಹೋಗುತ್ತಿದ್ದರು. ಅದಕ್ಕಿಂತ ಕೆಳಗಿಳಿದರೆ ಮಾತ್ರ ಏನು ಬಿಟ್ಟುಹೋಗಿದೆ ಎಂದು ಹುಡುಕುತ್ತಿದ್ದರು. "ಗಿಡ್ಡ ಉತ್ತರಕ್ಕೆ ನಾನೇನೂ ಪ್ರತ್ಯೇಕವಾಗಿ ಕಳೆಯೋದೇ ಬೇಕಾಗಿಲ್ಲ ಕಣಯ್ಯ. ನಿಂದು ನೋಡು, ಬರಗಾಲದ ಕಾರಣ ಹೇಳಿದ್ದೀಯ, ಪರಿಹಾರಕ್ಕೆ ಬರೋ ಹೊತ್ತಿಗೆ ಮುಗಿಸಿದ್ದೀಯ. ಆ ಅಂಕ ತಾನಾಗೇ ಹೋಯ್ತು. ಅದರ ಮೇಲೆ ಉದ್ದಕ್ಕೂ ಕಳೆದರೆ ಒಂದೇ ತಪ್ಪಿಗೆ ಎರಡು ಏಟು" ಎಂದಿದ್ದರು.

ಇಷ್ಟೆಲ್ಲ ಕಲಿತವನು ನಾನು. ಪರೀಕ್ಷೆ ನನ್ನ ಕೈಹಿಡಿಯಲಿಲ್ಲ. ಈಗ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ, ಭಾನುವಾರ ತಾಲ್ಲೂಕಿನ ಗ್ರಂಥಾಲಯದಲ್ಲಿ ಓದುವ ಹುಡುಗರ ಉತ್ತರ ತಿದ್ದಿಕೊಡುತ್ತೇನೆ. ಕನ್ನಡದಲ್ಲಿ 600 ಪದ ಎಂದರೆ ಐದು ಪುಟ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಐದು ಪುಟ ಬೇಕಾದದ್ದು ನನ್ನ ಅಕ್ಷರಕ್ಕೆ ಎನ್ನುವುದನ್ನು ಮರೆತಿದ್ದೆ.

ಅವಳೆದುರೇ ಆರಿಸಿ ಐದು ಸಾಲು ಎಣಿಸಿದೆ. 8, 9, 10, 9, 9. ಸಾಲಿಗೆ ಒಂಬತ್ತು. ಅಕ್ಕಿಕಾಳಿನಂಥ ಅಕ್ಷರ, ಅಂಚಿನವರೆಗೂ ಒತ್ತಿ ಬರೆದಿದ್ದಳು, ಒಂದು ಗೆರೆಯೂ ಖಾಲಿ ಇಲ್ಲ. ಒಟ್ಟು 66 ಸಾಲು. ಏಳು ಪ್ಯಾರಾಕ್ಕೆ ಮೂರೂವರೆ ಕಳೆದರೆ ಅರವತ್ತೆರಡೂವರೆ. ಗುಣಿಸಿದರೆ 562. ಅವಳು ಮನೆಯಲ್ಲಿ ಎಣಿಸಿ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದು 571.

ಅವಳ ಮೂರು ಪುಟ ಚಿಲ್ಲರೆಯಲ್ಲಿ ನನ್ನ ಹಳೆಯ ಮೂರೂವರೆ ಪುಟಕ್ಕಿಂತ ಸರಿಯಾಗಿ 200 ಪದ ಹೆಚ್ಚಿದ್ದವು. ಮೇಷ್ಟ್ರು ಪುಟ ನೋಡಿ ಅಂಕ ಹಾಕುವವರಾಗಿದ್ದರೆ ಅವತ್ತು ನಾನು ಅವಳಿಗಿಂತ ಮೇಲೆ ನಿಲ್ಲುತ್ತಿದ್ದೆ.

'ಉದ್ದ ಸಾಲದು' ಎಂಬುದನ್ನು ಹೊಡೆದುಹಾಕಿ 52 ಎಂದು ಬರೆದು ಸಹಿ ಮಾಡಿದೆ. ಅವಳು ಹಾಳೆ ಮಡಚಿಕೊಂಡು, "ಹಾಗಾದ್ರೆ ಅಕ್ಷರ ಸ್ವಲ್ಪ ದಪ್ಪ ಮಾಡ್ಲಾ ಅಣ್ಣ? ಅಲ್ಲಿ ತಿದ್ದೋರು ಎಣಿಸ್ತಾರೋ ಇಲ್ವೋ" ಅಂದಳು.

ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ಸ್ವಲ್ಪ ಬಿಡಿಸಿ ಬರಿ, ಓದೋಕೂ ಸುಲಭ ಆಗುತ್ತೆ ಅಂದೆ. ಏಳು ಪದಕ್ಕೆ ಇಳಿಸಿದರೆ ಅದೇ ಪ್ರಬಂಧ ನಾಲ್ಕು ಪುಟ ದಾಟುತ್ತದೆ. ಮೂವತ್ತು ಪದದ ಇನ್ನೊಂದು ಉದಾಹರಣೆ ಸೇರಿಸಿದರೆ 600 ಕೂಡ ಆಗುತ್ತದೆ. ಅವಳು ಹೊಸ ಹಾಳೆ ತೆಗೆದು ಮೊದಲ ಸಾಲು ಬರೆದು, ಬೆರಳಿಟ್ಟು ಪದ ಎಣಿಸತೊಡಗಿದಳು.