ಮನೆ ಹುಡುಕಿದ ಗುಬ್ಬಚ್ಚಿ

ನಾನೊಂದು ಗುಬ್ಬಚ್ಚಿ, ಅದರಲ್ಲಿಯೂ ಗಂಡು. ಕೊರಳಿನ ಕೆಳಗಣ ಕರಿಯ ಪಟ್ಟಿಯಿಂದ ನಮ್ಮ ಗಂಡಸರನ್ನು ನೀವು ಗುರುತಿಸಬಹುದು. ಮನೆ ಹುಡುಕುವ ಹೊಣೆ ನಮ್ಮಲ್ಲಿ ಗಂಡಿನದು. ತಕ್ಕ ಸಂದೊಂದು ದೊರೆತರೆ ಅದರ ಬಾಯಲ್ಲಿ ಕುಳಿತು ದಿನವೆಲ್ಲ ಕೂಗಬೇಕು. ಹೆಣ್ಣು ಬಂದು, ಒಳಹೊಕ್ಕು ನೋಡಿ, ಒಪ್ಪಬೇಕು. ಆಕೆ ಒಪ್ಪದಿದ್ದರೆ ಸಂಸಾರವೆಲ್ಲಿಯದು?

ನನ್ನ ವಾಸ ಬೆಂಗಳೂರಿನ ಮಲ್ಲೇಶ್ವರ. 1898ನೆಯ ಇಸವಿಯಲ್ಲಿ ನಗರಕ್ಕೆ ಪ್ಲೇಗು ಬಂದಾಗ ಪೇಟೆಯ ಜನರು ಗಾಳಿ ಬೆಳಕುಗಳನ್ನರಸಿ ಇಂತಹ ಹೊಸ ಬಡಾವಣೆಗಳಿಗೆ ಬಂದರು. ಅವರು ಕಟ್ಟಿಸಿದ ಅನೇಕ ಮನೆಗಳಿಗೆ ಮಂಗಳೂರು ಹೆಂಚಿನ ಸೂರು. ಗೋಡೆಯ ತಲೆಗೂ ಹೆಂಚಿಗೂ ನಡುವೆ ಉಳಿಯುತ್ತಿದ್ದ ಸಂದು ಮನುಷ್ಯನಿಗೆ ಏತಕ್ಕೂ ಬಾರದು. ನಮಗಾದರೋ ಅದೇ ಅರಮನೆ. ಒಳಗೆ ದೇವರ ಪಟಗಳನ್ನು ಮುಂದಕ್ಕೆ ವಾಲಿಸಿ ತೂಗುಹಾಕುತ್ತಿದ್ದರಷ್ಟೆ. ಅವುಗಳ ಹಿಂದೆಯೂ ನಮ್ಮ ಹಿರಿಯರು ಹುಲ್ಲು ತುರುಕಿದ್ದುಂಟು. ನಾನು ಹುಟ್ಟಿದ ಹೆಂಚಿನ ಮನೆಯನ್ನು ಕಳೆದ ವರ್ಷ ಕೆಡವಿದರು. ಆ ನಿವೇಶನದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ.

ಮೊದಲು ಆ ಕಟ್ಟಡವನ್ನೇ ಸುತ್ತಿ ನೋಡಿದೆನು. ಗೋಡೆ ನುಣುಪು, ಕಿಟಕಿ ಗಾಜು. ಗಾಜಿನೊಳಗೊಬ್ಬ ಕರಿಯ ಪಟ್ಟಿಯವನು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದನು. ಎರಡು ದಿನ ಅವನೊಡನೆ ಕೊಕ್ಕು ನೋಯುವವರೆಗೂ ಕಾದಾಡಿದೆನು. ಅವನು ಸೋಲಲೂ ಇಲ್ಲ, ಹೋಗಲೂ ಇಲ್ಲ. ಕೊಳವೆ ಹಾಯಿಸಿದ್ದ ರಂಧ್ರವೊಂದು ಕಂಡಿತು. ಅದಕ್ಕೂ ತಂತಿಯ ಬಲೆ ಬಡಿದಿದ್ದರು.

ಬಳಿಕ ಅಂಗಡಿಯೊಂದರ ರೋಲಿಂಗ್ ಷಟರಿನ ಮೇಲಣ ತಗಡಿನ ಗೂಡು ದೊರೆಯಿತು. ಅಂಗಡಿಯವನು ಊರಿಗೆ ಹೋಗಿದ್ದನಾಗಿ ಬೀದಿ ನಿಶ್ಶಬ್ದವಾಗಿತ್ತು. ಮಡದಿ ಒಪ್ಪಿದಳು. ಹುಲ್ಲು, ನೂಲು, ಕೋಳಿಯ ಪುಕ್ಕಗಳನ್ನು ಹಾಸಿ ನಾಲ್ಕು ಮೊಟ್ಟೆಗಳನ್ನಿಟ್ಟಳು. ನಮ್ಮ ಮೊಟ್ಟೆಗಳು ಒಡೆಯುವುದಕ್ಕೆ ಹನ್ನೊಂದರಿಂದ ಹದಿನಾಲ್ಕು ದಿನಗಳು ಬೇಕು. ಕಾವಿಗೆ ಕುಳಿತ ಒಂಬತ್ತನೆಯ ದಿನ ಬೆಳಗ್ಗೆ ಬೀಗ ತೆಗೆದ ಸದ್ದಾಯಿತು. ತಗಡು ಗಡಗಡನೆ ಮೇಲೇರಿ ಸುರುಳಿ ಸುತ್ತಿಕೊಂಡಿತು. ಮಡದಿ ಹಾರಿ ಪಾರಾದಳು, ಉಳಿದುದನ್ನು ಹೇಳಲಾರೆನು. ಅಂಗಡಿಯವನು ಕೆಳಗೆ ಬಿದ್ದ ಹುಲ್ಲನ್ನು ಕಂಡು "ಅಯ್ಯೋ ಪಾಪ" ಎಂದನು. ಅವನಿಗೇನು ಗೊತ್ತಿತ್ತು?

ಮೂರು ಬೀದಿಗಳಾಚೆ ಅಜ್ಜಿಯೊಬ್ಬರು ಮರದ ಪೆಟ್ಟಿಗೆಯೊಂದನ್ನು ತೂಗುಹಾಕಿಸಿದ್ದರು. ನಾನು ಹಿಗ್ಗಿ ಕೂಗಿದೆನು. ಮಡದಿ ಒಳಗೆ ಇಣುಕಿ, "ಇದರ ಬಾಗಿಲಲ್ಲಿ ಗೊರವಂಕವೇ ನುಗ್ಗೀತು. ಮೇಲಾಗಿ ಪಡುವಣ ಗೋಡೆ, ಸಂಜೆಯ ಬಿಸಿಲಿಗೆ ಮರಿಗಳು ಬೇಯುವುವು" ಎಂದು ಹೊರಟೇಬಿಟ್ಟಳು. ಆಕೆಯ ಮಾತು ದಿಟವಾಯಿತು. ಮರುದಿನವೇ ಗೊರವಂಕದ ಜೋಡಿಯೊಂದು ಅಲ್ಲಿ ಠಾಣ್ಯ ಹೂಡಲು ಬಂದಿತು.

ಅಜ್ಜಿ ಇದನ್ನು ಕಂಡು ಮೊಮ್ಮಗನನ್ನು ಕರೆದರು. "ಮಗು, ಬಾಗಿಲು ದೊಡ್ಡದಾಯಿತು ಕಣೋ. ಅದರ ಮೇಲೊಂದು ಹಲಗೆ ಬಡಿದು, ಒಂದೂಕಾಲು ಅಂಗುಲದ ತೂತು ಕೊರೆ. ಹೊರಗೆ ಕಡ್ಡಿಗಿಡ್ಡಿ ಇಡಬೇಡ, ಕಾಗೆ ಕೂರುತ್ತೆ." ಒಂದೂಕಾಲು ಅಂಗುಲವೆಂದರೆ 32 ಮಿಲಿಮೀಟರು, ನಾವು ನುಸುಳುತ್ತೇವೆ, ಗೊರವಂಕ ನುಸುಳಲಾರದು. ಹುಡುಗನು ಪೆಟ್ಟಿಗೆಯನ್ನು ಬಡಗಣ ಗೋಡೆಗೆ, ಸಜ್ಜದ ನೆರಳಿನಲ್ಲಿ, ನೆಲದಿಂದ ಹತ್ತಡಿ ಎತ್ತರಕ್ಕೆ ಬಿಗಿದನು. ಬೆಕ್ಕಿಗೆ ಅಲ್ಲಿ ಕಾಲಿಡಲು ಎಡೆಯಿಲ್ಲ. ಈ ಸಲ ಮಡದಿ ಒಳಹೊಕ್ಕವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಹುಲ್ಲು ತರಲು ಹೊರಟೆನು.

ಆದರೆ ಮನೆಯೊಂದಿದ್ದರೆ ಸಾಲದು. ದೊಡ್ಡವರಾದ ನಾವು ಅಕ್ಕಿಯ ನುಚ್ಚು ತಿಂದು ಬದುಕುತ್ತೇವೆ. ಹಸುಗೂಸುಗಳಿಗೆ ಅದು ಒಗ್ಗದು. ಮೊದಲ ದಿನಗಳಲ್ಲಿ ಅವಕ್ಕೆ ಮೆತ್ತನೆಯ ಹುಳುಗಳೇ ಬೇಕು. ಹೊಸ ಕಟ್ಟಡದ ಮುಂದೆ ಕ್ರೋಟನ್ ಗಿಡಗಳು ಸಾಲಾಗಿದ್ದುವು. ಅವಕ್ಕೆ ಔಷಧಿ ಸಿಂಪಡಿಸುತ್ತಿದ್ದುದರಿಂದ ಒಂದು ಹುಳುವೂ ಸಿಗಲಿಲ್ಲ. ಅಜ್ಜಿಯ ಹಿತ್ತಲಲ್ಲಿಯಾದರೋ ಅವರೆಯ ಚಪ್ಪರವಿತ್ತು. ಅದರ ಕುಡಿಗಳಿಗೆ ಹೇನು ಹತ್ತಿತ್ತು. ಮೊಮ್ಮಗನು ಔಷಧಿ ತರುವೆನೆಂದಾಗ ಅವರು, "ಹದಿನೈದು ದಿನ ತಾಳು, ಕೂಲಿಯವರು ಬಂದಿದ್ದಾರೆ" ಎಂದು ನಮ್ಮ ಕಡೆ ಕೈ ತೋರಿಸಿದರು.

ಕೂಲಿಯನ್ನು ನಾವು ಪ್ರಾಮಾಣಿಕವಾಗಿಯೇ ಮಾಡಿದೆವು; ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಚಪ್ಪರದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಚಪ್ಪರಕ್ಕೆ. ಒಡೆದ ಮೊಟ್ಟೆಗಳು ನಾಲ್ಕು. ಒಂದು ಮರಿ ಮೂರನೆಯ ದಿನವೇ ತೀರಿಕೊಂಡಿತು. ಹದಿನೈದನೆಯ ದಿನ ಉಳಿದ ಮೂರೂ ಒಂದೊಂದಾಗಿ ಬಾಗಿಲಿಗೆ ಬಂದು, ಹೆದರಿ, ಹಿಂದೆ ಸರಿದು, ಕಡೆಗೆ ಹಾರಿದುವು.

ಮಡದಿ ಈಗ ಮತ್ತೆ ಪುಕ್ಕಗಳನ್ನು ಕೂಡಿಸುತ್ತಿದ್ದಾಳೆ. ಕೆಳಗೆ ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾರೆ. ನುಚ್ಚು ನಮ್ಮ ಪಾಲಿನದೆಂದು ಇಬ್ಬರಿಗೂ ಗೊತ್ತು.